‘ಏನೋ ಸರಿ ಕೂತಿಲ್ಲ’ ಅಂದಾಗ ಏನು ಕೇಳಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಮೈಸೂರಿನಲ್ಲಿ ಒಂದೂವರೆ ವರ್ಷದಿಂದ ಸಣ್ಣ ವ್ಯಾಪಾರಿಗಳಿಗೆ ಕನ್ನಡದಲ್ಲಿ ಪ್ಯಾಕೆಟ್ ಬರಹ, ಕರಪತ್ರ ಬರೆದುಕೊಡುತ್ತಿದ್ದೇನೆ. ಮನೆಯಲ್ಲೇ ಸಾಂಬಾರ್ ಪುಡಿ, ಚಟ್ನಿಪುಡಿ ಮಾಡಿ ಮಾರುವ ಒಬ್ಬ ಹೆಂಗಸಿಗೆ ನಾಲ್ಕು ಡ್ರಾಫ್ಟ್ ಕೊಟ್ಟೆ. ಪ್ರತಿ ಸಲವೂ ‘ಚೆನ್ನಾಗಿದೆ, ಆದ್ರೆ ಏನೋ ಮಿಸ್ ಆಗ್ತಿದೆ’ ಅಂತಾರೆ. ಏನು ಅಂತ ಕೇಳಿದರೆ ‘ನೀವೇ ನೋಡಿ, ನಿಮಗೇ ಗೊತ್ತಾಗುತ್ತೆ’ ಅಂತಾರೆ. ಐದನೆಯದು ಬರೆಯಬೇಕೇ? ಬರೆದರೆ ಏನನ್ನು ತಿದ್ದಲಿ?

ಉತ್ತರ: ಐದನೆಯದನ್ನು ಈಗಲೇ ಬರೆಯಬೇಡಿ. ತಪ್ಪು ಎಲ್ಲಿದೆ ಅಂತ ಗೊತ್ತಿಲ್ಲದೆ ತಿದ್ದಿದರೆ ಅವರಿಗೆ ಹಿಡಿಸಿದ್ದ ಸಾಲುಗಳೂ ಅಳಿಸಿಹೋಗುತ್ತವೆ. ನಾಲ್ಕು ಸುತ್ತು ಆಗಿದೆ ಅಂದರೆ ಮೊದಲ ಡ್ರಾಫ್ಟ್‌ನಲ್ಲಿದ್ದ ಒಳ್ಳೆಯ ಎರಡು ಸಾಲು ಇಷ್ಟರಲ್ಲಿ ಕಳೆದೇಹೋಗಿರುವ ಸಾಧ್ಯತೆ ಇದೆ. ಆ ಮೊದಲನೆಯದನ್ನು ಹುಡುಕಿ ತೆಗೆದಿಡಿ, ಮುಂದೆ ಬೇಕಾಗುತ್ತದೆ.

ನಾನು ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ. ನನಗೆ ತಿಳಿದ ಮಟ್ಟಿಗೆ, ಹೀಗೆ ಹೇಳುವ ಕ್ಲೈಂಟ್‌ಗಳು ನಮ್ಮನ್ನು ಸತಾಯಿಸಬೇಕೆಂದು ಹೇಳುವುದಿಲ್ಲ. ಓದುವಾಗ ಎಲ್ಲೋ ಮನಸ್ಸು ಹಿಂಜರಿದದ್ದು ನಿಜ. ಯಾಕೆ ಹಿಂಜರಿಯಿತು ಅಂತ ಹೇಳಲು ಬೇಕಾದ ಮಾತು ಅವರ ಬಳಿ ಇಲ್ಲ, ಅಥವಾ ಇದ್ದರೂ ಆಡಲು ಸಂಕೋಚ. ‘ಏನು ತಪ್ಪಿದೆ’ ಅಂತ ನಾವು ಕೇಳಿದರೆ ನಮ್ಮ ಕೆಲಸವನ್ನೇ ಅವರಿಂದ ಮಾಡಿಸಲು ಹೊರಟ ಹಾಗಾಗುತ್ತದೆ. ಅವರು ಹೇಳಬಲ್ಲದ್ದು ಮೂರು: ಎಲ್ಲಿ ಎಡವಿದೆ, ಎರಡರಲ್ಲಿ ಯಾವುದು ವಾಸಿ, ಇದನ್ನು ಯಾರು ಓದಿದರೆ ಕಷ್ಟ. ಇಷ್ಟು ಸಿಕ್ಕರೆ ‘ಯಾಕೆ’ ಅನ್ನುವುದನ್ನು ನಾವೇ ಕಂಡುಕೊಳ್ಳಬಹುದು. ನಾನು ಇದನ್ನು ಸರಿಯಾಗಿ ಕಲಿತದ್ದು ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ. ಅದನ್ನೇ ಬಿಡಿಸಿ ಹೇಳುತ್ತೇನೆ.

ಆ ಯಜಮಾನರು ಮೊದಲೆಲ್ಲ ಬೆಲ್ಲವನ್ನು ಮಂಡ್ಯದ ಮಂಡಿಗೆ ಹಾಕುತ್ತಿದ್ದರು. ಮಗ ಓದು ಮುಗಿಸಿ ಬಂದವನು ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್ ಮಾಡಿ ಮೈಸೂರಿನ ಅಂಗಡಿಗಳಿಗೆ ಕೊಡೋಣ ಅಂತ ಶುರುಮಾಡಿದ್ದ. ಪ್ಯಾಕೆಟ್ ಹಿಂಬದಿಗೆ ಐದಾರು ಸಾಲು ಬೇಕಿತ್ತು. ಮಗನ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ ನಾನು ಬರೆದುಕೊಟ್ಟದ್ದು ಇದು:

‘ಪರಿಶುದ್ಧತೆಯೇ ನಮ್ಮ ಧ್ಯೇಯ. ಮಂಡ್ಯದ ಫಲವತ್ತಾದ ಮಣ್ಣಿನಲ್ಲಿ ಬೆಳೆದ ಕಬ್ಬಿನಿಂದ, ಯಾವುದೇ ರಾಸಾಯನಿಕ ಬಳಸದೆ, ಸಾಂಪ್ರದಾಯಿಕ ವಿಧಾನದಲ್ಲಿ ತಯಾರಿಸಿದ ಅಪ್ಪಟ ಬೆಲ್ಲ. ಬೇರೆಯವರಂತೆ ಬಣ್ಣಕ್ಕಾಗಿ ನಾವು ಹೈಡ್ರೋಸ್ ಬೆರೆಸುವುದಿಲ್ಲ. ನಮ್ಮ ಬೆಲ್ಲ ಕಪ್ಪಗಿದೆ, ಏಕೆಂದರೆ ಅದು ಶುದ್ಧವಾಗಿದೆ.’

ಮಗನಿಗೆ ತುಂಬ ಹಿಡಿಸಿತು. ಮಾರನೆಯ ದಿನ ಯಜಮಾನರ ವಾಯ್ಸ್ ಮೆಸೇಜ್ ಬಂತು. ‘ಮೇಡಂ, ಮಗ ಓದಿ ಹೇಳ್ದ. ಚೆನ್ನಾಗೈತೆ. ಆದ್ರೆ ಅದೇನೋ ಸರಿಯಾಗ್ ಕೂತಿಲ್ಲ.’

ಇಲ್ಲಿ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿರುತ್ತೀರಿ ಅಂತ ನನ್ನ ಊಹೆ. ಕೂಡಲೇ ಫೋನ್ ಮಾಡಿ ‘ಉದ್ದ ಆಯ್ತಾ ಸರ್?’ ಅಂತ ಕೇಳಿದೆ. ‘ಹೂಂ, ಅದೇ ಇರ್ಬೋದು’ ಅಂದರು. ಒಂದು ಸಾಲು ಕಡಿಮೆ ಮಾಡಿ ಕಳಿಸಿದೆ. ಮತ್ತೆ ಅದೇ ಮಾತು. ‘ಭಾಷೆ ಗಟ್ಟಿಯಾಯ್ತಾ?’ ಅಂದೆ. ‘ಅದೂ ಇರ್ಬೋದು’ ಅಂದರು. ‘ಪರಿಶುದ್ಧತೆ’ಯನ್ನು ‘ಶುದ್ಧ’ ಮಾಡಿ, ‘ಧ್ಯೇಯ’ವನ್ನು ತೆಗೆದು ಕಳಿಸಿದೆ. ಮೂರನೆಯ ಸಲವೂ ಕೂರಲಿಲ್ಲ.

ಕಾರಣ ಹೇಳಲಾಗದೆ ತೊಳಲಾಡುತ್ತಿರುವವರ ಮುಂದೆ ನಾವೇ ಒಂದು ಕಾರಣ ಇಟ್ಟರೆ ಅವರು ಅದನ್ನು ಹಿಡಿದುಕೊಳ್ಳುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ತಮಗೆ ಸಿಗದ ಮಾತು ಸಿಕ್ಕಿತು ಅನ್ನಿಸುತ್ತದೆ. ಮೇಲಾಗಿ ನಮ್ಮ ಕಡೆಯವರಲ್ಲಿ ದಾಕ್ಷಿಣ್ಯ ಹೆಚ್ಚು. ಬರೆದವರ ಮನಸ್ಸು ನೋಯಬಾರದು ಅಂತ ತೀರ ಸಣ್ಣ ದೋಷವೊಂದನ್ನು ಒಪ್ಪಿಕೊಂಡು ಮಾತು ಮುಗಿಸುತ್ತಾರೆ. ‘ಉದ್ದ ಆಯ್ತಾ’, ‘ಬಣ್ಣ ಡಲ್ ಆಯ್ತಾ’, ‘ಅಕ್ಷರ ಸಣ್ಣದಾಯ್ತಾ’ ಅನ್ನುವ ಪ್ರಶ್ನೆಗಳಿಗೆ ಬರುವ ‘ಹೂಂ’ ನಂಬುವಂಥದ್ದಲ್ಲ. ಅದನ್ನು ಗುರುತಿಸುವ ಬಗೆ ಸುಲಭ. ಕಾರಣ ನಿಜವಾಗಿದ್ದರೆ ಕ್ಲೈಂಟ್ ಅದಕ್ಕೆ ತನ್ನದೊಂದು ಮಾತು ಸೇರಿಸುತ್ತಾರೆ: ‘ಹೂಂ ಉದ್ದ ಆಯ್ತು, ಆ ಮಣ್ಣಿನ ವಿಷಯ ಯಾಕೆ ಬೇಕಿತ್ತು?’ ಅಂತ. ಬರೀ ‘ಇರ್ಬೋದು’ ಅಂದರೆ ನಿಮ್ಮ ಮಾತು ನಿಮಗೇ ವಾಪಸ್ ಬಂದಿದೆ ಅಷ್ಟೇ.

ಮೂರನೆಯ ಡ್ರಾಫ್ಟ್ ಆದಮೇಲೆ ನಾನು ಫೋನು ಬಿಟ್ಟು ಬಸ್ಸು ಹತ್ತಿದೆ. ಮೊದಲ ಡ್ರಾಫ್ಟನ್ನು ದಪ್ಪ ಅಕ್ಷರದಲ್ಲಿ, ಸಾಲುಗಳ ನಡುವೆ ಬೆರಳಗಲ ಜಾಗ ಬಿಟ್ಟು ಪ್ರಿಂಟ್ ಮಾಡಿಸಿಕೊಂಡಿದ್ದೆ. ಕಾಗದದಲ್ಲಿ ಕೊಡಬೇಕು ಅನ್ನುವುದಕ್ಕೆ ಕಾರಣವಿದೆ. ವಾಟ್ಸಾಪಿನಲ್ಲಿ ಬಂದದ್ದನ್ನು ಜನ ನಿಂತಲ್ಲೇ, ಬೇರೆ ಕೆಲಸದ ನಡುವೆ ನೋಡಿ, ಒಟ್ಟಾರೆ ಏನನ್ನಿಸಿತೋ ಅದನ್ನು ಹೇಳುತ್ತಾರೆ. ಕಾಗದ ಕೈಗೆ ಬಂದರೆ ಕೂತು ಓದುತ್ತಾರೆ, ಬೆರಳು ಒಂದೊಂದು ಸಾಲಿನ ಮೇಲೂ ಹೋಗುತ್ತದೆ. ನಮಗೆ ಬೇಕಾದದ್ದು ಆ ಬೆರಳು.

ಆಲೆಮನೆಯಲ್ಲಿ ಆಗ ಒಂದು ಕೊಪ್ಪರಿಗೆ ಇಳಿದಿತ್ತು. ಯಜಮಾನರು ಕೈ ತೊಳೆದು ಬಂದು ಕನ್ನಡಕ ಹಾಕಿಕೊಂಡರು. ‘ತಪ್ಪು ಹುಡುಕಬೇಡಿ ಸರ್, ಸುಮ್ಮನೆ ಜೋರಾಗಿ ಓದಿ, ಅಂಗಡಿಯಲ್ಲಿ ಯಾರಿಗೋ ಓದಿ ಹೇಳೋ ಹಾಗೆ’ ಅಂದೆ. ನನ್ನ ಕೈಯಲ್ಲೂ ಅದೇ ಪ್ರತಿ, ಒಂದು ಪೆನ್ಸಿಲ್.

ಕ್ಲೈಂಟ್ ಜೋರಾಗಿ ಓದುವಾಗ ನೀವು ಗಮನಿಸಬೇಕಾದ್ದು ಮೂರು ಸಂಗತಿ. ತಡವರಿಸಿದರೆ ಆ ಮಾತು ಅವರ ಬಾಯಿಯದಲ್ಲ. ಅಲ್ಲಿ ಬರೆದ ಪದ ಬಿಟ್ಟು ತಮಗೆ ಗೊತ್ತಿಲ್ಲದೆಯೇ ಬೇರೆ ಪದ ಓದಿದರೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ಇಲ್ಲ, ಕೂಡಲೇ ಬರೆದುಕೊಳ್ಳಿ. ದನಿ ಇಳಿದು ಓದು ಒಮ್ಮೆಲೇ ಬಿರುಸಾದರೆ ಆ ಜಾಗವನ್ನು ಅವರು ಬೇಗ ದಾಟಬೇಕೆಂದಿದ್ದಾರೆ. ಈ ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ, ಆದರೆ ನಿಜವಾದ ಅಸಮಾಧಾನ ಹೆಚ್ಚಾಗಿ ಇಲ್ಲೇ ಇರುತ್ತದೆ.

ಅವರು ‘ಪರಿಶುದ್ಧತೆಯೇ ನಮ್ಮ ಧ್ಯೇಯ’ವನ್ನು ಶಾಲೆಯ ಹುಡುಗ ಪಾಠ ಒಪ್ಪಿಸಿದ ಹಾಗೆ ಓದಿದರು. ‘ಫಲವತ್ತಾದ ಮಣ್ಣಿನಲ್ಲಿ’ ಅನ್ನುವಲ್ಲಿ ನಿಂತು, ‘ಮಣ್ಣೇನೋ ಸರಿ, ಎಲ್ಲಾ ನಾಲೆ ನೀರ್ನಿಂದ ಕಣಮ್ಮ’ ಅಂದು ಮುಂದಕ್ಕೆ ಹೋದರು. ಅವರ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಬಯಲಿನದು. ಅಲ್ಲಿನವರಿಗೆ ಕಬ್ಬು ಅಂದರೆ ಮೊದಲು ನೆನಪಾಗುವುದು ನಾಲೆಗೆ ನೀರು ಬಿಟ್ಟರಾ ಇಲ್ಲವಾ ಅನ್ನುವುದು. ‘ತಯಾರಿಸಿದ’ ಅಂತ ಬರೆದದ್ದನ್ನು ಅವರು ‘ಕಾಯಿಸಿದ’ ಅಂತಲೇ ಓದಿದರು. ಕಣ್ಣು ಅಕ್ಷರದ ಮೇಲೇ ಇತ್ತು, ಬಾಯಿ ಮಾತ್ರ ತನ್ನ ಮಾತನ್ನೇ ಆಡಿತು. ನಾನು ಪದದ ಮೇಲೆ ‘ಕಾಯಿಸಿದ’ ಅಂತ ಬರೆದುಕೊಂಡೆ.

ದನಿ ಇಳಿದದ್ದು ಎರಡು ಕಡೆ. ಒಂದು, ‘ಯಾವುದೇ ರಾಸಾಯನಿಕ ಬಳಸದೆ’. ಇನ್ನೊಂದು, ‘ಬೇರೆಯವರಂತೆ’ ಅಂತ ಶುರುವಾಗುವ ಇಡೀ ಸಾಲು. ಅದನ್ನು ಎಷ್ಟು ಬೇಗ ಓದಿ ಮುಗಿಸಿದರೆಂದರೆ ‘ಹೈಡ್ರೋಸ್’ ನನಗೆ ಕೇಳಿಸಲೇ ಇಲ್ಲ.

ಈ ಘಳಿಗೆಯಲ್ಲಿ ‘ಯಾಕೆ ಸರ್, ಆ ಸಾಲು ಇಷ್ಟ ಆಗಲಿಲ್ಲವಾ’ ಅಂತ ಮೇಲೆ ಬಿದ್ದು ಕೇಳಬಾರದು. ಅವರು ಅದನ್ನು ಮುಚ್ಚಿಕೊಳ್ಳುತ್ತಾರೆ. ಸಾಲನ್ನು ಬಿಟ್ಟು ಕೆಲಸವನ್ನು ಕೇಳಿ. ನಾನು ಕೊಪ್ಪರಿಗೆ ಕಡೆ ಕೈ ತೋರಿಸಿ, ‘ಹಾಲು ಕಾಯೋವಾಗ ಏನೇನು ಹಾಕ್ತೀರಿ ಸರ್?’ ಅಂದೆ. ಆಲೆಮನೆಯಲ್ಲಿ ಕಬ್ಬಿನ ರಸಕ್ಕೆ ಹಾಲು ಅಂತಲೇ ಹೇಳುವುದು. ಅವರು ಹುರುಪಿನಿಂದ ಹೇಳಿದರು. ಮಡ್ಡಿ ಮೇಲೆ ಬರಲು ಬೆಂಡೆ ಗಿಡ ಜಜ್ಜಿ ನೆನೆಹಾಕಿದ ಲೋಳೆ ಹಾಕುತ್ತಾರೆ. ಜೊತೆಗೆ ಸುಣ್ಣದ ತಿಳಿ. ‘ಸುಣ್ಣ ಹಾಕ್ದಿದ್ರೆ ಹುಳಿ ಮುರಿಯಲ್ಲ, ಅಚ್ಚು ಕಟ್ಟಲ್ಲ’ ಅಂದರು. ಅಲ್ಲಿಗೆ ಮಾತು ನಿಲ್ಲಿಸಿ ಕಾಗದ ನೋಡಿದರು. ‘ಈಗ ಸುಣ್ಣಾನೂ ಕೆಮಿಕಲ್ಲೇ ಅಲ್ವಾ ಮೇಡಂ?’

ಮೊದಲನೆಯ ಗಂಟು ಅದು. ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಅವರು ಮುಟ್ಟುವುದಿಲ್ಲ. ಅದು ಬೆಲ್ಲಕ್ಕೆ ಹಳದಿ ಹೊಳಪು ಬರಿಸಲು ಕೆಲವರು ಬಳಸುವ ಪುಡಿ. ಆದರೆ ಸುಣ್ಣ ಹಾಕುತ್ತಾರೆ, ಅದು ಆಲೆಮನೆಗಳ ಹಳೆಯ ಪದ್ಧತಿ, ಅದರಲ್ಲಿ ತಪ್ಪೇನೂ ಇಲ್ಲ. ‘ಯಾವುದೇ ರಾಸಾಯನಿಕ ಬಳಸದೆ’ ಅಂತ ನಾನು ಬರೆದ ಮಾತು ಅವರ ಮಟ್ಟಿಗೆ ಪೂರ್ತಿ ನಿಜವಾಗಿರಲಿಲ್ಲ. ಮೇಡಂ ಬರೆದಿದ್ದಾರೆ, ಮಗ ಒಪ್ಪಿದ್ದಾನೆ, ನಾನು ತಪ್ಪು ಅಂತ ಹೇಗೆ ಹೇಳಲಿ ಅನ್ನುವ ಹಿಂಜರಿಕೆ ಮೂರು ಸುತ್ತು ಅವರ ಬಾಯಿ ಕಟ್ಟಿಹಾಕಿತ್ತು.

ಎರಡನೆಯ ಗಂಟು ಬಿಡಿಸಲು ಬೇರೆ ಪ್ರಶ್ನೆ ಬೇಕಾಯಿತು. ‘ಈ ಪ್ಯಾಕೆಟ್ ಅಂಗಡಿಗೆ ಹೋದಮೇಲೆ ಇಲ್ಲಿ ನಿಮ್ಮ ಊರಲ್ಲಿ ಮೊದಲು ಯಾರು ಓದ್ತಾರೆ ಸರ್?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ರಸ್ತೆಯಾಚೆ ಹೊಗೆ ಬರುತ್ತಿದ್ದ ಇನ್ನೊಂದು ಆಲೆಮನೆಯನ್ನು ತೋರಿಸಿದರು. ಅದು ಅವರ ದೊಡ್ಡಪ್ಪನ ಮಕ್ಕಳದು. ‘ಅವ್ರು ಹೈಡ್ರೋಸ್ ಹಾಕ್ತಾರೆ, ಮಂಡಿಯಲ್ಲಿ ಬಣ್ಣಕ್ಕೆ ರೇಟು, ಏನ್ ಮಾಡ್ತಾರೆ? ನಾಳೆ ಹಬ್ಬಕ್ಕೆ ಒಂದೇ ಪಂಕ್ತೀಲಿ ಊಟಕ್ಕೆ ಕೂರ್ಬೇಕು ನಾವು’ ಅಂದರು.

ಇದನ್ನು ಅವರು ಫೋನಿನಲ್ಲಿ ನನಗೆ ಹೇಳಲು ಸಾಧ್ಯವೇ ಇರಲಿಲ್ಲ. ಮಗನ ಮುಂದೆಯೂ ಹೇಳುತ್ತಿರಲಿಲ್ಲ. ‘ಉದ್ದ ಆಯ್ತಾ’ ಅನ್ನುವ ನನ್ನ ಪ್ರಶ್ನೆಗೂ ಇದಕ್ಕೂ ಎಲ್ಲಿಯ ಸಂಬಂಧ? ನಾನು ಬರೆದ ‘ಬೇರೆಯವರಂತೆ’ ಅನ್ನುವ ಒಂದು ಪದ ಅವರ ಮನೆತನದ ನಡುವೆ ಹೋಗಿ ಕೂತಿತ್ತು. ಓದುಗ ಅಂದರೆ ಮೈಸೂರಿನ ಅಂಗಡಿಗೆ ಬರುವವನು ಅಂತ ನಾನು ಅಂದುಕೊಂಡಿದ್ದೆ. ಅವರ ಮನಸ್ಸಿನಲ್ಲಿದ್ದ ಓದುಗರು ರಸ್ತೆಯಾಚೆ ಇದ್ದರು.

ಅಂದಹಾಗೆ ಆ ಸಾಲು ಕಾನೂನಿಗೂ ನಿಲ್ಲುತ್ತಿರಲಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮದಲ್ಲಿ, ಬೇರೆ ತಯಾರಕರ ವಸ್ತುವನ್ನು ಕೀಳುಮಾಡಿ ತನ್ನದನ್ನು ಮೇಲೆತ್ತುವ ಹೇಳಿಕೆ ಕೂಡದು ಅಂತ ಇದೆ. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಇಂಥ ಪದಗಳನ್ನು ಎಲ್ಲಿ ಬಳಸಬಹುದು ಅನ್ನುವುದಕ್ಕೂ ಅದರಲ್ಲಿ ಷರತ್ತುಗಳಿವೆ. ನೀವು ತಿನ್ನುವ ಪದಾರ್ಥದ ಪ್ಯಾಕೆಟ್‌ಗೆ ಬರೆಯುವವರಾದ್ದರಿಂದ ಆ ನಿಯಮವನ್ನು ಒಮ್ಮೆ ಪೂರ್ತಿ ಓದಿಬಿಡಿ. ನಾನು ಅದನ್ನು ಮೊದಲೇ ನೋಡಿಕೊಂಡು ಬರೆದಿದ್ದರೆ ಯಜಮಾನರ ಅರ್ಧ ಸಂಕಟ ಹುಟ್ಟುತ್ತಲೇ ಇರಲಿಲ್ಲ.

ಗಂಟು ಸಿಕ್ಕಿದ ಮೇಲೂ ಮನೆಗೆ ಬಂದು ಪೂರ್ತಿ ಹೊಸದು ಬರೆಯಲಿಲ್ಲ. ಅಲ್ಲೇ ಕೂತು ಮೊದಲ ಸಾಲಿಗೆ ಮೂರು ರೂಪ ಬರೆದೆ, ಮಿಕ್ಕಿದ್ದು ಹಾಗೇ ಇರಲಿ ಅಂತ. ಒಂದು, ಇದ್ದದ್ದೇ: ‘ಪರಿಶುದ್ಧತೆಯೇ ನಮ್ಮ ಧ್ಯೇಯ.’ ಎರಡು: ‘ಇದು ನಮ್ಮ ಗದ್ದೆಯ ಕಬ್ಬಿನ ಬೆಲ್ಲ.’ ಮೂರು: ‘ಬಣ್ಣ ನೋಡಿ ಹಿಂಜರಿಯಬೇಡಿ.’

ಹೋಲಿಸಲು ಕೊಡುವಾಗ ಎರಡು ವಿಷಯ ಗಟ್ಟಿಯಾಗಿ ಹಿಡಿಯಿರಿ. ಒಂದೇ ಸಾಲು ಬೇರೆಯಾಗಿರಬೇಕು. ಮೊದಲ ಸಾಲೂ ಬೇರೆ, ಉದ್ದವೂ ಬೇರೆ, ಕೊನೆಯೂ ಬೇರೆ ಆದರೆ ಅವರು ಒಂದನ್ನು ಆರಿಸಿದಾಗ ಯಾವ ಕಾರಣಕ್ಕೆ ಆರಿಸಿದರು ಅನ್ನುವುದು ನಿಮಗೂ ತಿಳಿಯುವುದಿಲ್ಲ. ಇನ್ನೊಂದು, ವ್ಯತ್ಯಾಸ ಎದ್ದು ಕಾಣಬೇಕು. ‘ಪರಿಶುದ್ಧ’ವೋ ‘ಶುದ್ಧ’ವೋ ಅಂತ ಕೇಳಿದರೆ ಎರಡೂ ಒಂದೇ ಅನ್ನಿಸುತ್ತದೆ, ನನ್ನ ಮೂರನೆಯ ಡ್ರಾಫ್ಟ್ ಕೆಟ್ಟದ್ದು ಹಾಗೆಯೇ. ಒಂದು ಭಾಷಣದ ಹಾಗೆ, ಒಂದು ಮನೆಮಾತಿನ ಹಾಗೆ, ಒಂದು ಗಿರಾಕಿಯನ್ನು ನೇರವಾಗಿ ಕೂಗುವ ಹಾಗೆ ಇದ್ದರೆ ಆಯ್ಕೆ ತಾನೇ ಮಾತಾಡುತ್ತದೆ.

ಕೇಳುವ ಪ್ರಶ್ನೆಯೂ ಮುಖ್ಯ. ‘ಯಾವುದು ಚೆನ್ನಾಗಿದೆ’ ಅಂದರೆ ಜನ ಸಾಹಿತ್ಯದ ಪರೀಕ್ಷಕರಾಗಿಬಿಡುತ್ತಾರೆ, ಹೆಚ್ಚು ಗಂಭೀರವಾಗಿ ಕಾಣುವುದನ್ನು ಆರಿಸುತ್ತಾರೆ. ನಾನು ಕೇಳಿದ್ದು: ‘ಬೀಗರ ಮನೆಗೆ ಐದು ಕೆಜಿ ಕಳಿಸ್ತೀರಿ ಅಂತಿಟ್ಟುಕೊಳ್ಳಿ. ಆ ಚೀಲದ ಮೇಲೆ ಯಾವುದಿರಬೇಕು?’ ಎರಡನೆಯದರ ಮೇಲೆ ಬೆರಳಿಟ್ಟರು. ಒಂದು ಕ್ಷಣವೂ ಯೋಚಿಸಲಿಲ್ಲ. ‘ನಮ್ಮ ಗದ್ದೇದು ಅಂದ್ರೆ ಮುಗೀತಲ್ಲ. ಶುದ್ಧ ಅಂತ ನಾವೇ ಹೇಳ್ಕಂಡ್ರೆ ಅನುಮಾನ ಬತ್ತದೆ’ ಅಂದರು. ಎರಡು ವಾರ ‘ಏನೋ ಸರಿ ಕೂತಿಲ್ಲ’ ಅನ್ನುತ್ತಿದ್ದವರು ಇಷ್ಟು ಖಚಿತವಾಗಿ ಕಾರಣ ಹೇಳಿದರು. ಆರಿಸಿದ ಮೇಲೆ ಕಾರಣ ತಾನಾಗಿ ಬರುತ್ತದೆ, ಆರಿಸುವ ಮೊದಲು ಕೇಳಿದರೆ ಬರುವುದಿಲ್ಲ. ನಾನು ಆಮೇಲೆ ಎಷ್ಟೋ ಜನರಲ್ಲಿ ಇದನ್ನೇ ಕಂಡಿದ್ದೇನೆ.

ಹೊರಡುವ ಮುಂಚೆ ‘ಇದರಲ್ಲಿ ಇಲ್ಲದ್ದು, ಗಿರಾಕಿಗೆ ನೀವು ಹೇಳಲೇಬೇಕು ಅಂತ ಇರೋದು ಏನಾದರೂ ಇದೆಯಾ?’ ಅಂತ ಕೇಳಿದೆ. ‘ಮಳೆಗಾಲದಲ್ಲಿ ನೀರ್ ಬಿಡ್ತದೆ. ಬೆಲ್ಲ ಕೆಟ್ಟೋಯ್ತು ಅಂತ ವಾಪಸ್ ತರ್ತಾರೆ. ಅದು ಬೆಲ್ಲದ ಗುಣ, ಗಾಳಿ ತಾಗದಂಗೆ ಇಟ್ಕಂಡ್ರೆ ಏನೂ ಆಗಲ್ಲ’ ಅಂದರು. ಬೆಲ್ಲ ಗಾಳಿಯ ತೇವ ಹೀರುತ್ತದೆ, ಅದು ನಿಜ. ಅವರಿಗೆ ‘ಮಿಸ್’ ಆಗಿದ್ದದ್ದು ಇದೇ. ನಿಮ್ಮ ಕ್ಲೈಂಟ್ ಅಂತೂ ‘ಏನೋ ಮಿಸ್ ಆಗ್ತಿದೆ’ ಅಂತ ಬಾಯಿಬಿಟ್ಟೇ ಹೇಳಿದ್ದಾರೆ. ಈ ಪದ ಬಂದಾಗ ನಾನು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತೇನೆ. ‘ಸರಿ ಕೂತಿಲ್ಲ’ ಅಂದರೆ ಹೆಚ್ಚಾಗಿ ಇರಬಾರದ್ದು ಏನೋ ಇದೆ. ‘ಮಿಸ್ ಆಗ್ತಿದೆ’ ಅಂದರೆ ಹೆಚ್ಚಾಗಿ ಇರಬೇಕಾದ್ದು ಇಲ್ಲ. ಇದು ಎಲ್ಲ ಸಲವೂ ಹೊಂದುವುದಿಲ್ಲ, ಆದರೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಅನ್ನುವುದಕ್ಕೆ ಸಾಕು.

ಕೊನೆಗೆ ಅಚ್ಚಾದ ಬರಹ ಇದು:

‘ಇದು ನಮ್ಮ ಗದ್ದೆಯ ಕಬ್ಬಿನ ಬೆಲ್ಲ. ನಾಲೆ ನೀರಿನಲ್ಲಿ ಬೆಳೆದ ಕಬ್ಬು, ನಮ್ಮದೇ ಆಲೆಮನೆಯಲ್ಲಿ ಕಾಯಿಸಿದ್ದು. ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ ಹಾಕುತ್ತೇವೆ. ಬಣ್ಣ ಬರಲೆಂದು ಏನನ್ನೂ ಬೆರೆಸುವುದಿಲ್ಲ, ಅದಕ್ಕೇ ಇದು ಕಂದು. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುವುದು ಸಹಜ. ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ.’

ಮೊದಲಿನದಕ್ಕಿಂತ ಇದು ಉದ್ದ. ‘ಉದ್ದ ಆಯ್ತು’ ಅಂತ ಒಪ್ಪಿಕೊಂಡಿದ್ದವರೇ ಇದನ್ನು ಒಂದಕ್ಷರ ತೆಗೆಯದೆ ಒಪ್ಪಿದರು. ಹೈಡ್ರೋಸ್ ಹೆಸರಿಲ್ಲ, ದಾಯಾದಿಗಳ ಸುದ್ದಿ ಇಲ್ಲ, ಆದರೂ ಗೊತ್ತಿರುವ ಗಿರಾಕಿಗೆ ವಿಷಯ ಮುಟ್ಟುತ್ತದೆ. ಮಗನಿಗೆ ಮೊದಲು ಸ್ವಲ್ಪ ಬೇಸರವಾಯಿತು, ಮೊದಲಿನದರಲ್ಲಿ ಜೋರಿತ್ತು ಅಂತ. ಅಪ್ಪ ಜೋರಾಗಿ ಓದಿದ್ದನ್ನು ಕೇಳಿದ ಮೇಲೆ ಒಪ್ಪಿಕೊಂಡ.

ಮಗನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಮನೆಯವರೆಲ್ಲ ಸೇರಿ ನಡೆಸುವ ವ್ಯಾಪಾರದಲ್ಲಿ ನಿಮ್ಮ ಜೊತೆ ಮಾತಾಡುವವರು ಒಬ್ಬರು, ಹೂಂ ಅನ್ನುವವರು ಇನ್ನೊಬ್ಬರು ಆಗಿರುತ್ತಾರೆ. ಹಲವು ವರ್ಷದ ಹಿಂದೆ ಮೈಸೂರಿನ ಒಂದು ಸೀರೆ ಅಂಗಡಿಗೆ ದಸರೆಯ ಕರಪತ್ರ ಬರೆಯುವಾಗ ಏಳು ಡ್ರಾಫ್ಟ್ ಕೊಟ್ಟು ಏಳೂ ವಾಪಸ್ ಬಂದವು. ನನ್ನ ಜೊತೆ ಮಾತಾಡುತ್ತಿದ್ದವರಿಗೆ ಅವು ನಿಜವಾಗಿ ಹಿಡಿಸಿದ್ದವು. ಸಂಜೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಅವರ ಅಣ್ಣನಿಗೆ ಹಿಡಿಸಿರಲಿಲ್ಲ, ಆ ಅಣ್ಣನನ್ನು ನಾನು ಒಂದು ಸಲವೂ ನೋಡಿರಲಿಲ್ಲ. ತಮ್ಮ ನನಗೆ ಕಾರಣ ಹೇಳಲಾಗದೆ ಇದ್ದದ್ದು ಸಹಜ, ಆ ಬೇಸರ ಅವರದ್ದಾಗಿರಲಿಲ್ಲ. ಅಷ್ಟರಲ್ಲಿ ದಸರೆ ಬಂದುಬಿಟ್ಟಿತು, ಕರಪತ್ರ ಅಚ್ಚಾಗಲೇ ಇಲ್ಲ. ಅಂದಿನಿಂದ ಮೊದಲ ‘ಏನೋ ಸರಿಯಿಲ್ಲ’ ಬಂದ ಕೂಡಲೇ ‘ಯಾರ್ಯಾರಿಗೆ ತೋರಿಸಿದ್ರಿ?’ ಅಂತ ಕೇಳುತ್ತೇನೆ. ಹೆಸರು ಬಂದರೆ ‘ಅವರೂ ಇರೋ ಹೊತ್ತಿಗೆ ಬರ್ತೀನಿ’ ಅನ್ನುತ್ತೇನೆ. ಕೇಳುವ ದನಿ ಮಾತ್ರ ಹಗುರವಾಗಿರಲಿ. ‘ನಿಮಗೆ ಅಧಿಕಾರ ಇಲ್ಲವಾ’ ಅಂತ ಕೇಳಿಸಬಾರದು.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ಕೆಲವರಿಗೆ ಬೇಸರ ಡ್ರಾಫ್ಟ್ ಮೇಲಿರುವುದಿಲ್ಲ. ಕೈಯಲ್ಲಿ ದುಡ್ಡಿರುವುದಿಲ್ಲ, ಸರಕು ಇನ್ನೂ ಹದಕ್ಕೆ ಬಂದಿರುವುದಿಲ್ಲ, ಅಥವಾ ಅಚ್ಚಿಗೆ ಕೊಟ್ಟರೆ ವ್ಯಾಪಾರ ಶುರುವಾಗಿಯೇ ಬಿಡುತ್ತದಲ್ಲ ಅನ್ನುವ ಅಳುಕಿರುತ್ತದೆ. ಅದನ್ನು ಪತ್ತೆಮಾಡಲು ನಾನು ಮಾಡುವುದು ಒಂದೇ ಕೆಲಸ. ಅವರು ಮಾತಿನ ನಡುವೆ ಆಡಿದ ಒಂದು ವಾಕ್ಯವನ್ನು ಅವರದೇ ಪದಗಳಲ್ಲಿ ಬರೆದು ಎದುರಿಗಿಡುತ್ತೇನೆ. ‘ಹಾಂ, ಇದು ಸರಿ’ ಅಂದರೆ ಕೆಲಸ ಮುಂದೆ ಹೋಗುತ್ತದೆ. ತಾವೇ ಆಡಿದ ಮಾತಿಗೂ ‘ಏನೋ ಸರಿ ಇಲ್ಲ’ ಅಂದರೆ ಬರಹದಲ್ಲಿ ಹುಡುಕಿ ಪ್ರಯೋಜನವಿಲ್ಲ. ಆಗ ನಾನು ‘ಸದ್ಯಕ್ಕೆ ಇಲ್ಲಿಗೆ ನಿಲ್ಲಿಸೋಣ, ಅಚ್ಚಿಗೆ ಹೋಗೋ ದಿನ ಗೊತ್ತಾದಮೇಲೆ ಮತ್ತೆ ಕೂರೋಣ’ ಅಂತ ಹೇಳಿ, ಆದ ಕೆಲಸದ ಹಣ ಕೇಳುತ್ತೇನೆ. ಇದಕ್ಕಾಗಿಯೇ ಶುರುವಿನಲ್ಲಿ ಅರ್ಧ ಹಣ ತೆಗೆದುಕೊಂಡು, ಎರಡು ಸುತ್ತು ತಿದ್ದುಪಡಿ ಅಂತ ಒಂದು ಮೆಸೇಜ್ ಹಾಕಿಡುವುದು ಒಳ್ಳೆಯದು. ನಿಮ್ಮ ಕೆಲಸ ಆ ಹಂತಕ್ಕೆ ಬಂದಿದೆ ಅಂತ ನನಗೆ ಅನ್ನಿಸುವುದಿಲ್ಲ.

ಆ ಹೆಂಗಸಿನ ಮನೆಗೆ ಅವರು ಪುಡಿ ಹುರಿಯುವ ಹೊತ್ತಿಗೆ ಹೋಗಿ. ಮೊದಲ ಡ್ರಾಫ್ಟಿನ ಎರಡು ಪ್ರತಿ ಕೈಯಲ್ಲಿರಲಿ. ಅವರಿಂದ ಜೋರಾಗಿ ಓದಿಸಿ, ನೀವು ಸುಮ್ಮನಿದ್ದು ಗುರುತು ಹಾಕಿಕೊಳ್ಳಿ. ಆಮೇಲೆ ಕಾಗದ ಬದಿಗಿಟ್ಟು ಹುರಿಯುವ ಕೆಲಸದ ಬಗ್ಗೆ ಕೇಳಿ: ಯಾವುದನ್ನು ಮೊದಲು ಹುರಿಯುತ್ತಾರೆ, ಮೆಣಸಿನಕಾಯಿ ಎಲ್ಲಿಂದ ತರಿಸುತ್ತಾರೆ, ಗಿರಾಕಿಗಳು ಏನಂತ ದೂರುತ್ತಾರೆ. ನಿಮ್ಮ ಡ್ರಾಫ್ಟ್‌ನಲ್ಲಿ ‘ಅಮ್ಮನ ಕೈರುಚಿ’ ಅನ್ನುವಂಥ ಮಾತಿದ್ದರೆ, ಈ ಅಳತೆ ಅವರಿಗೆ ಯಾರು ಕಲಿಸಿದ್ದು ಅಂತ ತಪ್ಪದೆ ಕೇಳಿ. ಅತ್ತೆ ಕಲಿಸಿದ್ದಾಗಿದ್ದು, ಆ ಅತ್ತೆ ಪಕ್ಕದ ಕೋಣೆಯಲ್ಲೇ ಕೂತಿದ್ದರೆ, ಆ ಸಾಲು ನಾಲ್ಕು ಡ್ರಾಫ್ಟ್‌ಗಳಲ್ಲೂ ಅವರಿಗೆ ಮುಳ್ಳಿನ ಹಾಗೆ ಚುಚ್ಚಿರಬಹುದು.